ಕುಳಿತ ಮೈಗೆ ಹೊಲಿದ ಪ್ಯಾಂಟು

ಇಪ್ಪತ್ತು ವರ್ಷದಿಂದ ಹೊಲಿಗೆಯೇ ನನ್ನ ಕೆಲಸ. ಆದರೂ ತಮ್ಮನಿಗೆ ಹೊಲಿದ ಪ್ಯಾಂಟು ಮೊದಲ ಸಲ ಪೂರ್ತಿ ಕೆಟ್ಟಿತು. ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವನು ಗಾಲಿಕುರ್ಚಿಯಲ್ಲಿದ್ದಾನೆ. ಸೊಂಟದಿಂದ ಕೆಳಗೆ ಸ್ಪರ್ಶ ತಿಳಿಯುವುದಿಲ್ಲ. ಅವನ ಹಳೆಯ ಪ್ಯಾಂಟನ್ನು ಮೇಜಿನ ಮೇಲೆ ಹರಡಿ ಅದರ ಅಳತೆಗೇ ಬಟ್ಟೆ ಕತ್ತರಿಸಿದ್ದೆ. ಹಾಕಿಕೊಂಡು ಕುಳಿತಾಗ ಹಿಂದೆ ಸೊಂಟಪಟ್ಟಿ ಜಾರಿ ಒಳಚಡ್ಡಿ ಕಾಣಿಸಿತು, ಮುಂದೆ ಬಟ್ಟೆ ಮುದ್ದೆಯಾಗಿ ಹೊಟ್ಟೆಯನ್ನು ಒತ್ತಿತು.

"ಅಕ್ಕಾ, ಇದನ್ನು ನಿಂತವನಿಗೆ ಹೊಲಿದಿದ್ದೀಯ," ಎಂದ. ಸರಿಯಾಗಿಯೇ ಹೇಳಿದ್ದ. ಕುಳಿತಾಗ ಹಿಂಭಾಗ ಹಿಗ್ಗುತ್ತದೆ, ಮುಂಭಾಗ ಮಡಚಿಕೊಳ್ಳುತ್ತದೆ. ನಾನು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎರಡನೆಯ ಸಲ ಅವನು ದಿನವೂ ಕೂರುವ ಕುರ್ಚಿಯಲ್ಲೇ, ದಿನವೂ ಬಳಸುವ ದಿಂಬಿನ ಮೇಲೆಯೇ ಕೂರಿಸಿ ಅಳತೆ ತೆಗೆದೆ. ಸೊಂಟಪಟ್ಟಿ ಬರಬೇಕಾದ ಕಡೆ ಎಲಾಸ್ಟಿಕ್ ಕಟ್ಟಿದೆ. ಅವನು ಎರಡೂ ಕೈಯೂರಿ ಮೈ ಎತ್ತಿದಾಗ ಟೇಪನ್ನು ಅಡಿಯಿಂದ ಎಳೆದು, ಹಿಂದಿನ ಎಲಾಸ್ಟಿಕ್‌ನಿಂದ ಮುಂದಿನದರವರೆಗೆ ಅಳೆದೆ. ಹಳೆಯ ಪ್ಯಾಂಟಿಗೆ ಹೋಲಿಸಿದರೆ ಹಿಂದೆ ಮೂರು ಇಂಚು ಹೆಚ್ಚು ಬೇಕಿತ್ತು, ಮುಂದೆ ಒಂದೂವರೆ ಇಂಚು ಕಡಿಮೆ ಸಾಕಿತ್ತು. ಹಿಂಭಾಗದ ಕಾಗದದ ನಮೂನೆಯನ್ನು ನಡುವಿನ ಅಂಚಿನಿಂದ ಪಕ್ಕದ ಹೊಲಿಗೆಯವರೆಗೆ ಅಡ್ಡ ಕತ್ತರಿಸಿ, ನಡುವಿನಲ್ಲಿ ಮೂರು ಇಂಚು ತೆರೆದು, ಪಕ್ಕದಲ್ಲಿ ಸೊನ್ನೆಗೆ ತಂದು ನಿಲ್ಲಿಸಿದೆ. ಮುಂದಿನದನ್ನು ಅದೇ ರೀತಿ ಮಡಚಿ ಕುಗ್ಗಿಸಿದೆ. ಹೀಗೆ ಮಾಡಿದರೆ ಪಕ್ಕದ ಹೊಲಿಗೆಯ ಉದ್ದ ಬದಲಾಗುವುದಿಲ್ಲ, ಹಿಂದು ಮುಂದು ಸರಿಯಾಗಿ ಕೂಡುತ್ತವೆ. ಮೊಣಕಾಲು ಮಡಚಿದಾಗ ಅಂಚು ಮೇಲೇರುವುದರಿಂದ ಕಾಲಿನ ಉದ್ದಕ್ಕೂ ಎರಡು ಇಂಚು ಸೇರಿಸಿದೆ.

ಆದರೆ ನನ್ನನ್ನು ಹೆದರಿಸಿದ್ದು ಹೊಲಿಗೆಯ ಜಾಗ. ಅವನು ಹಿಂದೆ ಅಂಗಡಿಯ ಜೀನ್ಸ್ ಹಾಕಿಕೊಂಡು ಒಂದು ದಿನ ಕುಳಿತಿದ್ದಾಗ ಪೃಷ್ಠದ ಮೇಲೆ ಕೆಂಪು ಗುರುತು ಬಿದ್ದಿತ್ತು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗದೆ ಕೆಂಪಾಗಿಯೇ ಉಳಿದಿತ್ತು. ಅದು ಒತ್ತಡದ ಹುಣ್ಣಿನ ಆರಂಭ. ಕಪ್ಪು ಚರ್ಮದಲ್ಲಿ ಈ ಬಣ್ಣ ಕಣ್ಣಿಗೆ ಬೀಳದಿರಬಹುದು. ಸುತ್ತಲಿನದಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಗುರುತು ಮಾಯುವವರೆಗೆ ಅವನು ಆ ಜಾಗದ ಮೇಲೆ ಭಾರ ಹಾಕುವಂತಿರಲಿಲ್ಲ.

ಕಾರಣ ಹುಡುಕಲು ಅದೇ ಜೀನ್ಸ್ ಹಾಕಿಸಿ, ಪಕ್ಕಕ್ಕೆ ಮಲಗಿಸಿ, ಕುಳಿತಂತೆ ಕಾಲು ಮಡಚಿಸಿದೆ. ಹಾಗೆ ಮಡಚಿದಾಗ ಕೂರುವ ಮೂಳೆಯ ತುದಿ ಬೆರಳಿಗೆ ಸಿಗುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಗುರುತು ಬಿದ್ದದ್ದು ಹಿಂದಿನ ಜೇಬಿನ ಕೆಳಮೂಲೆಯ ಮೇಲೆ! ದಪ್ಪ ಬಟ್ಟೆ ಪದರ ಪದರವಾಗಿ ಸೇರಿದ್ದ ಗಂಟು ಅದು. ಸ್ಪರ್ಶವಿದ್ದವರು ಒಂದು ನಿಮಿಷದಲ್ಲಿ ಮಿಸುಕಾಡಿ ಸರಿದು ಕೂರುತ್ತಾರೆ, ಅವನಿಗೆ ಅದು ತಿಳಿಯಲೇ ಇಲ್ಲ.

ಹೊಸ ಪ್ಯಾಂಟಿಗೆ ಹಿಂದಿನ ಜೇಬು ಇಡಲಿಲ್ಲ. ಜೇಬನ್ನು ತೊಡೆಯ ಮೇಲ್ಭಾಗಕ್ಕೆ ತಂದೆ, ಕೈಗೂ ಅಲ್ಲೇ ಸುಲಭ. ಒಳತೊಡೆಯ ಹೊಲಿಗೆಯನ್ನು ಒಂದು ಇಂಚು ಮುಂದಕ್ಕೆ ಸರಿಸಿದೆ: ಮುಂದಿನ ತುಂಡಿನಿಂದ ಕಳೆದದ್ದನ್ನು ಹಿಂದಿನದಕ್ಕೆ ಕೂಡಿಸಿದರೆ ಆಯಿತು. ಹಿಂದಿನ ನಡುಹೊಲಿಗೆಯನ್ನು ಜೀನ್ಸಿನಂತೆ ಮಡಚಿ ಎರಡು ಸಾಲು ಹೊಲಿಯದೆ, ಒಂದೇ ಸಾಲು ಹಾಕಿ, ಅಂಚುಗಳನ್ನು ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿದೆ.

ಮುಚ್ಚುವ ವಿಷಯದಲ್ಲಿ ವೆಲ್ಕ್ರೋ ನಂಬಿ ಮೋಸಹೋದೆ. ಎರಡು ತಿಂಗಳಲ್ಲಿ ಅದಕ್ಕೆ ನೂಲಿನ ಕಸ ಅಂಟಿ ಹಿಡಿತ ಹೋಯಿತು. ಕುರ್ಚಿಯಿಂದ ಮಂಚಕ್ಕೆ ಸಾಗುವಾಗ ಸೊಂಟಪಟ್ಟಿಗೆ ಬಿದ್ದ ಎಳೆತಕ್ಕೆ ಬಿಟ್ಟುಕೊಂಡಿತು. ಈಗ ಸೊಂಟಕ್ಕೆ ಚಪ್ಪಟೆ ಹುಕ್ಕು, ಮುಂದೆ ಜಿಪ್. ಮೂತ್ರ ಹೊರತೆಗೆಯಲು ಅವನು ದಿನಕ್ಕೆ ಹಲವು ಸಲ ಕ್ಯಾತಿಟರ್ ಎಂಬ ನಳಿಕೆ ಬಳಸಬೇಕು. ಸಾಧಾರಣ ಜಿಪ್ ಮೇಲೆಯೇ ಮುಗಿಯುವುದರಿಂದ ಕುಳಿತಲ್ಲಿ ಕೈ ಹೋಗುವುದಿಲ್ಲ. ಆದ್ದರಿಂದ ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆ ಕೂಡುವ ಜಾಗಕ್ಕೆ ಸ್ವಲ್ಪ ಮೊದಲಿನವರೆಗೆ ಜಿಪ್ಪನ್ನು ಇಳಿಸಿದೆ. ಲೋಹದ ಹಲ್ಲಿನದು ಬಾಗದೆ ಸೆಟೆದು ನಿಲ್ಲುತ್ತದೆ, ನೈಲಾನ್ ಜಿಪ್ ಮೈಯ ಬಾಗಿಗೆ ಬಾಗುತ್ತದೆ. ಒಳಗೆ ಅಗಲವಾದ ಪಟ್ಟಿಯೊಂದನ್ನು ಕೊಟ್ಟರೆ ಚರ್ಮ ಸಿಕ್ಕಿಕೊಳ್ಳುವುದಿಲ್ಲ.

ಬಟ್ಟೆಯಲ್ಲಿ ನುಣುಪಾದ ಪಾಲಿಯೆಸ್ಟರ್ ಒಮ್ಮೆ ನೋಡಿದೆ. ಮಂಚದಿಂದ ಕುರ್ಚಿಗೆ ಸರಾಗವಾಗಿ ಜಾರಿದ, ಆಮೇಲೆ ಕುರ್ಚಿಯಲ್ಲೂ ಮುಂದಕ್ಕೆ ಜಾರುತ್ತಲೇ ಇದ್ದ. ಸ್ವಲ್ಪ ಸ್ಪ್ಯಾಂಡೆಕ್ಸ್ ಬೆರೆತ ತೆಳು ಹತ್ತಿಯ ಟ್ವಿಲ್ ಅವನಿಗೆ ಒಗ್ಗಿತು. ಬೆವರು ಹೀರಿದ ಹತ್ತಿ ತಡವಾಗಿ ಒಣಗುತ್ತದೆ, ಒದ್ದೆ ಚರ್ಮ ಬೇಗ ಕೆಡುತ್ತದೆ. ಅದಕ್ಕಾಗಿ ಸೆಕೆಯ ದಿನ ಮಧ್ಯಾಹ್ನ ಒಮ್ಮೆ ಬದಲಿಸುತ್ತಾನೆ.

ಹ್ಯಾಂಗರಿಗೆ ಹಾಕಿದರೆ ಈ ಪ್ಯಾಂಟು ಗೂನು ಬೆನ್ನಿನಂತೆ ಕಾಣುತ್ತದೆ. ಮಲಗಿದಾಗ ಹಿಂದಿನ ಹೆಚ್ಚುವರಿ ಬಟ್ಟೆ ನೆರಿಗೆಯಾಗಿ ಮೈಯಡಿ ಸೇರುತ್ತದೆ, ಹಾಗಾಗಿ ಅದನ್ನು ಹಾಕಿಕೊಂಡು ಅವನು ಮಲಗುವುದಿಲ್ಲ.