ಫೈನಲ್ ಬಿಲ್ ಪಾಸ್ ಮಾಡುವ ಮುನ್ನ: 173.5ಕ್ಕೂ 109.5ಕ್ಕೂ ನಡುವಿನ ಲೆಕ್ಕ

ವೆಂಡರ್ ಕೊಡುವ ಫೈನಲ್ ಬಿಲ್ಲಿಗೂ ನಮ್ಮ ಅಕೌಂಟ್ಸ್ ವಿಭಾಗ ತೆಗೆದಿಟ್ಟ ಬಾಕಿಗೂ ತಾಳೆಯಾಗುವುದು ಅಪರೂಪ. ಎರಡರ ನಡುವಿನ ಅಂತರವನ್ನು ಮಧ್ಯಕ್ಕೆ ಒಡೆದು 'ಇಷ್ಟಕ್ಕೆ ಮುಗಿಸೋಣ' ಅಂದರೆ ಅರ್ಧ ಗಂಟೆಯ ಕೆಲಸ. ಆದರೆ ಆಡಿಟ್‌ನವರು ಆ ಮೊತ್ತ ಹೇಗೆ ಬಂತೆಂದು ಕೇಳಿದಾಗ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಹಾಗಾಗಿ ನಾನು ಆ ಅಂತರವನ್ನು ಬಾಬ್ತುಗಳಾಗಿ ಬಿಡಿಸುತ್ತೇನೆ, ಒಂದೊಂದನ್ನೂ ಅದರದೇ ದಾಖಲೆಯ ಮೇಲೆ ತೀರ್ಮಾನಿಸುತ್ತೇನೆ. ಅದು ಹೇಗೆಂದು ಒಂದು ಮಾದರಿ ಒಪ್ಪಂದ ಹಿಡಿದು ಹೇಳುತ್ತೇನೆ.

12 ಕಂಟ್ರೋಲ್ ಪ್ಯಾನೆಲ್‌ಗಳ ಪೂರೈಕೆ, ಜೋಡಣೆ, ಪರೀಕ್ಷೆ, ಜೊತೆಗೆ ಡ್ರಾಯಿಂಗ್, ಕೈಪಿಡಿ, ಎರಡು ಬ್ಯಾಚ್ ತರಬೇತಿ. ಲೆಕ್ಕ ಸುಲಭವಾಗಲೆಂದು ತೆರಿಗೆಯನ್ನು ಬದಿಗಿಟ್ಟು ಒಪ್ಪಂದದ ಮೊತ್ತ 1000 ಅಂದುಕೊಳ್ಳೋಣ. ಅಡ್ವಾನ್ಸ್ 100 ಕೊಟ್ಟಿದೆ. ಪ್ರತಿ ರನ್ನಿಂಗ್ ಬಿಲ್ಲಿನಲ್ಲೂ ಶೇ. 10 ಅಡ್ವಾನ್ಸ್ ವಸೂಲಿ, ಭದ್ರತೆಗೆಂದು ತಡೆಹಿಡಿಯುವ ರಿಟೆನ್ಷನ್ ಶೇ. 5.

ಮೊದಲು ಸ್ವೀಕಾರ, ಆಮೇಲೆ ದುಡ್ಡು. ಈ ಕ್ರಮ ತಿರುಗುಮುರುಗಾದರೆ ಕೊನೆಯ ಡ್ರಾಯಿಂಗ್ ಸೆಟ್ಟಿಗಾಗಿ ತಿಂಗಳುಗಟ್ಟಲೆ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ. ಡೆಲಿವರಿ ಪಟ್ಟಿಯನ್ನು ನಾನು ವೆಂಡರ್ ಕಳಿಸಿದ ಶೀಟಿನಿಂದ ತೆಗೆದುಕೊಳ್ಳುವುದಿಲ್ಲ. ಮೂಲ ಒಪ್ಪಂದ, ಅದರ ಅನುಬಂಧಗಳು, ಪ್ರತಿ ಬದಲಾವಣೆ ಆದೇಶ ಇವುಗಳನ್ನು ಸಾಲು ಸಾಲಾಗಿ ಓದಿ ನಾನೇ ಬರೆದುಕೊಳ್ಳುತ್ತೇನೆ. 'ಬ್ಯಾಕಪ್ ಕೊಡತಕ್ಕದ್ದು' ಎಂಬಂಥ ಅರ್ಧ ಸಾಲಿನ ಷರತ್ತುಗಳು ತಾಂತ್ರಿಕ ಅನುಬಂಧದಲ್ಲಿ ಅಡಗಿರುತ್ತವೆ, ವೆಂಡರ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಸ್ಟೋರ್ಸ್‌ನಲ್ಲಿ ಮಾಲು ಇಳಿಸಿಕೊಂಡು ಕೊಟ್ಟ ರಸೀದಿ ಸ್ವೀಕಾರವಲ್ಲ. ಮಾಲು ಬಂತು ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿ. ಪ್ರತಿ ಬಾಬ್ತಿಗೂ ಯಾವ ಪರೀಕ್ಷೆ, ಯಾರ ಸಹಿ, ಯಾವ ದಿನಾಂಕ ಎಂಬುದು ಪ್ರತ್ಯೇಕವಾಗಿ ಇರಬೇಕು. ಇದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಸೀರಿಯಲ್ ನಂಬರ್ ತಾಳೆ ನೋಡುವುದು. ಪ್ಯಾನೆಲ್ ಬಾಗಿಲಿನ ಒಳಗಿನ ನೇಮ್‌ಪ್ಲೇಟ್ ನಂಬರ್, ಪರೀಕ್ಷಾ ವರದಿಯ ನಂಬರ್, ವಾರಂಟಿ ಪತ್ರದ ನಂಬರ್ ಮೂರೂ ಒಂದೇ ಆಗಿರಬೇಕು. ಸೈಟಿನಲ್ಲಿ ಜೋಡಿಸುವಾಗ ಏಳನೇ ಪ್ಯಾನೆಲ್ಲನ್ನು ಒಂಬತ್ತನೆಯ ಜಾಗದಲ್ಲಿ ನಿಲ್ಲಿಸಿದ್ದರೆ ವರದಿಗಳು ಅದಲುಬದಲಾಗಿರುತ್ತವೆ. ನಾಳೆ ಒಂಬತ್ತನೆಯದು ಸುಟ್ಟಾಗ, ಈ ಸೀರಿಯಲ್ಲಿನ ಪರೀಕ್ಷಾ ದಾಖಲೆಯೇ ಇಲ್ಲವೆಂದು ತಯಾರಕರು ವಾರಂಟಿ ನಿರಾಕರಿಸಿದರೆ ವಾದಿಸಲು ಆಧಾರವಿರುವುದಿಲ್ಲ.

ಪ್ಯಾನೆಲ್ಲಿನೊಳಗಿದ್ದು ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಯ ಪ್ರೋಗ್ರಾಮ್ ಇನ್ನೊಂದು ಬಲೆ. ಪೆನ್‌ಡ್ರೈವ್‌ನಲ್ಲಿ ಫೈಲ್ ಇದೆ ಅಂದ ಮಾತ್ರಕ್ಕೆ ಡೆಲಿವರಿ ಆದಂತಲ್ಲ. ಪಾಸ್‌ವರ್ಡ್ ಹಾಕಿ ಬೀಗ ಜಡಿದ ಫೈಲಾದರೆ ಒಂದು ಟೈಮರ್ ಬದಲಿಸಲೂ ಅದೇ ವೆಂಡರನ್ನೇ ಕರೆಸಬೇಕು. ಆ ಬ್ಯಾಕಪ್ಪನ್ನು ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದು, ಸ್ಪೇರ್ ಪಿಎಲ್‌ಸಿಗೆ ಲೋಡ್ ಮಾಡಿ, ಒಂದು ಇನ್‌ಪುಟ್ ಕೊಟ್ಟು ಔಟ್‌ಪುಟ್ ಬದಲಾಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು ಆ ಸಾಲಿಗೆ ಟಿಕ್ ಹಾಕುವುದು. ಎಲ್ಲ ಹಂತದ ಪಾಸ್‌ವರ್ಡ್‌ಗಳನ್ನೂ ಮುಚ್ಚಿದ ಲಕೋಟೆಯಲ್ಲಿ ಪಡೆಯುತ್ತೇನೆ.

ಕೆಲವು ಒಪ್ಪಂದಗಳಲ್ಲಿ, ಇಂತಿಷ್ಟು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ಸ್ವೀಕರಿಸಿದಂತೆ ಭಾವಿಸಲಾಗುವುದು ಎಂಬ ಷರತ್ತಿರುತ್ತದೆ. ಹಾಗಿದ್ದಲ್ಲಿ ಕೊರತೆಗಳ ಪಟ್ಟಿಯನ್ನು ಗಡುವಿನೊಳಗೆ ಲಿಖಿತವಾಗಿ ಕಳಿಸಲೇಬೇಕು. ಸೈಟಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಬಣ್ಣದ ಗೀರು, ತಪ್ಪಾಗಿ ಅಂಟಿಸಿದ ಲೇಬಲ್ ಇಂಥ ಚಿಲ್ಲರೆ ಕೊರತೆ ಉಳಿದಿದ್ದರೆ ಷರತ್ತುಬದ್ಧ ಸ್ವೀಕಾರ ಕೊಡಬಹುದು, ಆದರೆ ಪ್ರತಿ ಕೊರತೆಯ ಎದುರು ತಡೆಹಿಡಿಯುವ ಮೊತ್ತ ಬರೆದಿರಲಿ. ಮೊತ್ತವಿಲ್ಲದ ಕೊರತೆ ಪಟ್ಟಿಯನ್ನು ಯಾರೂ ಮುಗಿಸುವುದಿಲ್ಲ.

ಇನ್ನು ದುಡ್ಡು. ಬದಲಾವಣೆ ಆದೇಶಗಳಲ್ಲಿ ಒಂದು 36 ಏರಿಕೆ, ಇನ್ನೊಂದು 12 ಇಳಿಕೆ, ಅಲ್ಲಿಗೆ 1024. ರನ್ನಿಂಗ್ ಬಿಲ್‌ಗಳಲ್ಲಿ ಈವರೆಗೆ 950ರ ಕೆಲಸ ಪಾಸಾಗಿದೆ. ಅದರಲ್ಲಿ ಅಡ್ವಾನ್ಸ್ ವಸೂಲಿ 95, ರಿಟೆನ್ಷನ್ 47.5, ವಿಳಂಬ ದಂಡವೆಂದು ತಡೆಹಿಡಿದದ್ದು 25 ಕಳೆದು ಕೈಗೆ ಕೊಟ್ಟದ್ದು 782.5. ಅಡ್ವಾನ್ಸ್ 100 ಸೇರಿಸಿದರೆ ವೆಂಡರಿಗೆ ಒಟ್ಟು ಸಂದಾಯ 882.5. ಈ ಅಂಕಿಯನ್ನು ಬಿಲ್ ರಿಜಿಸ್ಟರಿನಿಂದಲ್ಲ, ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ತೆಗೆಯಬೇಕು, ವೆಂಡರಿಂದಲೂ ಖಾತೆ ದೃಢೀಕರಣ ಪತ್ರ ಪಡೆಯಬೇಕು. ಇಲ್ಲೇ ಒಪ್ಪಿಗೆ ಆಗದಿದ್ದರೆ ಮುಂದಿನ ಮಾತೆಲ್ಲ ವ್ಯರ್ಥ.

ವೆಂಡರ್ ಲೆಕ್ಕ: 1024ಕ್ಕೆ ಹೆಚ್ಚುವರಿ ಕೇಬಲ್ ಟ್ರೇ ಕೆಲಸ 18, ಮೂರು ವಾರ ಆಳುಗಳು ಸುಮ್ಮನೆ ಕೂತದ್ದಕ್ಕೆ 14 ಸೇರಿಸಿ 1056. ಬಂದದ್ದು ಕಳೆದರೆ ಬಾಕಿ 173.5. ಅಕೌಂಟ್ಸ್ ಲೆಕ್ಕ: 1024ರಲ್ಲಿ ಕೇಬಲ್ ಕಡಿತ 7, ದಂಡ 25 ಕಳೆದು 992, ಬಾಕಿ 109.5. ಅಂತರ 64. ಬಿಡಿಸಿ ನೋಡಿದರೆ ಅದು 7, 18, 14, 25 ಎಂಬ ನಾಲ್ಕೇ ಬಾಬ್ತು. ಜಗಳ ಅಷ್ಟಕ್ಕೆ ಸೀಮಿತ ಎಂದು ಎರಡೂ ಕಡೆಯವರು ಒಂದು ಹಾಳೆಗೆ ಸಹಿ ಹಾಕಿದರೆ ಹೊಸ ಬೇಡಿಕೆ ಹುಟ್ಟುವುದು ಅಲ್ಲಿಗೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಾಳೆ ಅದೇ.

ಕೇಬಲ್: ಒಪ್ಪಂದದಲ್ಲಿ 2400 ಮೀಟರ್, ಮೀಟರಿಗೆ 0.05. ಜಂಟಿಯಾಗಿ ಅಳೆದಾಗ ಸಿಕ್ಕಿದ್ದು 2260. ಅಳತೆಯ ಪ್ರಕಾರ ಪಾವತಿ ಎಂದು ಒಪ್ಪಂದದಲ್ಲಿದ್ದರೆ 140 ಮೀಟರಿನ 7 ಕಡಿತ ಸರಿ. ಅದೇ ಬಾಬ್ತು ಲಂಪ್‌ಸಮ್ ಆಗಿದ್ದರೆ ಕಡಿಯುವಂತಿರಲಿಲ್ಲ.

ಟ್ರೇ: ಲಿಖಿತ ಆದೇಶವಿಲ್ಲ. ಅಷ್ಟಕ್ಕೇ ತಿರಸ್ಕರಿಸಿಬಿಡಬಹುದು ಅನ್ನಿಸುತ್ತದೆ, ಆದರೆ ಸೈಟ್ ಡೈರಿಯಲ್ಲಿ ನಮ್ಮ ಎಂಜಿನಿಯರೇ 'ಟ್ರೇ ಹಾಕಲು ಹೇಳಿದೆ' ಎಂದು ಬರೆದು ಸಹಿ ಹಾಕಿದ್ದರೆ, ಕೆಲಸ ಈಗಲೂ ಉಪಯೋಗದಲ್ಲಿದ್ದರೆ, ತಿರಸ್ಕಾರ ಮುಂದೆ ನಿಲ್ಲುವುದು ಅನುಮಾನ. ವೆಂಡರ್ ಕೇಳಿದ್ದು 60 ಮೀಟರಿಗೆ 0.3ರ ದರದಲ್ಲಿ 18. ಅಳತೆಯಲ್ಲಿ ಸಿಕ್ಕಿದ್ದು 55 ಮೀಟರ್, ಅದೇ ಅಳತೆಯ ಟ್ರೇಗೆ ಒಪ್ಪಂದದಲ್ಲೇ 0.2ರ ದರವಿದೆ. ಹಾಗಾಗಿ 11. ಕೊಡುವ ಮುನ್ನ, ಆದೇಶ ನೀಡುವ ಅಧಿಕಾರ ಉಳ್ಳವರಿಂದ ಘಟನೋತ್ತರ ಮಂಜೂರಾತಿ ಪಡೆದು ಬದಲಾವಣೆ ಆದೇಶವಾಗಿಯೇ ದಾಖಲಿಸಬೇಕು.

ದಂಡ ಮತ್ತು ಖಾಲಿ ಕೂತ ಕ್ಲೇಮ್ ಇವೆರಡನ್ನೂ ಒಟ್ಟಿಗೆ ನೋಡಬೇಕು, ಏಕೆಂದರೆ ಎರಡಕ್ಕೂ ಮೂಲ ಒಂದೇ ವಿಳಂಬ. ಕೆಲಸ ಐದು ವಾರ ತಡವಾಯಿತು. ಅಕೌಂಟ್ಸ್‌ನವರು ವಾರಕ್ಕೆ ಶೇ. 0.5ರಂತೆ ಪೂರ್ತಿ 1000ದ ಮೇಲೆ ಐದು ವಾರ ಲೆಕ್ಕ ಹಾಕಿ 25 ತಡೆಹಿಡಿದಿದ್ದಾರೆ. ಇದರಲ್ಲಿ ತಪ್ಪು ಎರಡು. ಮೂರು ವಾರ ನಾವೇ ಪ್ಯಾನೆಲ್ ನಿಲ್ಲಿಸುವ ಕೋಣೆ ಬಿಟ್ಟುಕೊಟ್ಟಿರಲಿಲ್ಲ. ಹಸ್ತಾಂತರದ ದಿನಾಂಕ ದಾಖಲೆಯಲ್ಲಿದೆ, ಅವಧಿ ವಿಸ್ತರಣೆ ಕೊಡಲೇಬೇಕು. ಇನ್ನೊಂದು, ಈ ಒಪ್ಪಂದದ ಷರತ್ತು ಹೇಳುವುದು ತಡವಾದ ಭಾಗದ ಮೌಲ್ಯದ ಮೇಲೆ ಎಂದು. ತಡವಾದದ್ದು 200 ಮೌಲ್ಯದ ನಾಲ್ಕು ಪ್ಯಾನೆಲ್ ಮಾತ್ರ. ಎರಡು ವಾರಕ್ಕೆ ಶೇ. 1, ಅಂದರೆ ದಂಡ 2. ಹಿಂದಿರುಗಿಸಬೇಕಾದದ್ದು 23. ದಂಡದ ಷರತ್ತನ್ನು ನೆನಪಿನಿಂದ ಅನ್ವಯಿಸಬೇಡಿ. 'ಒಪ್ಪಂದದ ಮೌಲ್ಯ' ಮತ್ತು 'ತಡವಾದ ಭಾಗದ ಮೌಲ್ಯ' ಎಂಬ ಎರಡು ಮಾತಿನ ನಡುವೆ ಇಲ್ಲಿ ಐದು ಪಟ್ಟು ವ್ಯತ್ಯಾಸವಿದೆ.

ಹಾಗಾದರೆ ಆ ಮೂರು ವಾರಕ್ಕೆ 14 ಕೊಡಬೇಕೇ? ಸಮಯ ಸಿಗುವುದು ಬೇರೆ, ಹಣ ಸಿಗುವುದು ಬೇರೆ. ಅನೇಕ ಒಪ್ಪಂದಗಳು ಘಟನೆ ತಿಳಿದ ಇಂತಿಷ್ಟು ದಿನದಲ್ಲಿ ನೋಟಿಸ್ ಕೊಡದಿದ್ದರೆ ಕ್ಲೇಮ್ ರದ್ದು ಎನ್ನುತ್ತವೆ. ಅಂತರರಾಷ್ಟ್ರೀಯ ಎಂಜಿನಿಯರಿಂಗ್ ಕಾಮಗಾರಿಗಳಲ್ಲಿ ಬಳಸುವ ಫಿಡಿಕ್ ಮಾದರಿ ಒಪ್ಪಂದದಲ್ಲಿ ಅದು 28 ದಿನ. ನಮ್ಮ ಮಾದರಿ ಒಪ್ಪಂದದಲ್ಲೂ ಅದೇ ಗಡುವು, ಹಣದ ಪ್ರಸ್ತಾಪ ಮೊದಲ ಸಲ ಬಂದದ್ದು ಫೈನಲ್ ಬಿಲ್ಲಿನಲ್ಲಿ. ಹಾಗಾಗಿ ಸೊನ್ನೆ. ಇಲ್ಲಿ 'ದಂಡ ಬಿಡುತ್ತೇವೆ, ನೀವು ಕ್ಲೇಮ್ ಬಿಡಿ' ಎಂದು ಬದಲಿ ವ್ಯಾಪಾರ ಮಾಡಬಾರದು. ದಂಡ ಇಳಿದದ್ದು ನಮ್ಮ ತಪ್ಪಿನಿಂದ, ಕ್ಲೇಮ್ ಬಿದ್ದದ್ದು ನೋಟಿಸ್ ಇಲ್ಲದ್ದರಿಂದ. ಟಿಪ್ಪಣಿಯಲ್ಲಿ ಕಾರಣಗಳು ಬೇರೆಬೇರೆಯಾಗಿಯೇ ಇರಲಿ. ಇಂಥ ಗಡುವು ಎಷ್ಟರ ಮಟ್ಟಿಗೆ ಊರ್ಜಿತ ಎಂಬುದು ಆಯಾ ದೇಶದ ಕಾನೂನಿನ ಮೇಲೂ ನಿಂತಿರುವುದರಿಂದ ಕಾನೂನು ವಿಭಾಗದ ಅಭಿಪ್ರಾಯವನ್ನು ಕಡತಕ್ಕೆ ಸೇರಿಸುತ್ತೇನೆ.

ಈಗ ಅಂತಿಮ ಮೌಲ್ಯ 1024 – 7 + 11 = 1028. ದಂಡ 2 ಕಳೆದು 1026, ಸಂದಾಯ 882.5 ಕಳೆದು ಬಾಕಿ 143.5. ಇದನ್ನು ಇನ್ನೊಂದು ದಾರಿಯಲ್ಲೂ ಮಾಡಿ ನೋಡಬೇಕು: ಬಿಲ್ ಆಗದ ಕೆಲಸ 78, ರಿಟೆನ್ಷನ್ 47.5, ವಾಪಸ್ ಕೊಡುವ ದಂಡ 23, ಇವುಗಳ ಮೊತ್ತದಿಂದ ವಸೂಲಾಗದ ಅಡ್ವಾನ್ಸ್ 5 ಕಳೆಯಿರಿ. ಅದೂ 143.5. ಎರಡನೇ ದಾರಿಯಲ್ಲಿ 148.5 ಬಂದರೆ ಆ 5 ಮರೆತಿದ್ದೀರಿ ಎಂದೇ ಅರ್ಥ. ಶೇಕಡಾವಾರು ವಸೂಲಿ ಇಟ್ಟುಕೊಂಡಾಗ ಕೊನೆಯ ಬಿಲ್ಲಿನವರೆಗೂ ಅಡ್ವಾನ್ಸಿನ ಬಾಲ ಉಳಿದಿರುತ್ತದೆ.

ಇಷ್ಟೂ ಈಗಲೇ ಕೊಡುವಂತಿಲ್ಲ. ವಾರಂಟಿ ಮುಗಿಯುವವರೆಗೆ ಅಂತಿಮ ಮೌಲ್ಯದ ಶೇ. 2.5 ಉಳಿಸಿಕೊಳ್ಳಬೇಕೆಂದು ಷರತ್ತು. ಅದು 25.7. ಈಗ ಕೊಡುವುದು 117.8. ವೆಂಡರ್ ಅಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿ ಕೊಟ್ಟರೆ ಪೂರ್ತಿ ಬಿಡಬಹುದು, ಆದರೆ ಗ್ಯಾರಂಟಿಯ ಅವಧಿ ವಾರಂಟಿಗಿಂತ ಕೆಲವು ವಾರವಾದರೂ ಮುಂದಕ್ಕಿರಲಿ; ಕೊನೆಯ ದಿನ ಪತ್ತೆಯಾದ ದೋಷಕ್ಕೆ ಕ್ಲೇಮ್ ಕಳಿಸಲು ಸಮಯ ಬೇಕಲ್ಲ.

ನೋ ಕ್ಲೇಮ್ ಸರ್ಟಿಫಿಕೇಟಿನ ಒಕ್ಕಣೆಯಲ್ಲಿ ಎಡವುವವರು ಬಹಳ. 'ಎಲ್ಲ ಬಾಕಿ ಸಂದಿದೆ' ಎಂದು ಪಾವತಿಗೆ ಮುನ್ನವೇ ಬರೆಸಿಕೊಂಡರೆ ಅದು ಸುಳ್ಳು ಹೇಳಿಕೆ, ಒತ್ತಡದಿಂದ ಬರೆಸಿಕೊಂಡರೆಂಬ ವಾದಕ್ಕೂ ದಾರಿ. ನಾನು ಬರೆಸುವುದು ಹೀಗೆ: 117.8 ಖಾತೆಗೆ ಜಮೆಯಾದ ಮೇಲೆ, ವಾರಂಟಿ ರಿಟೆನ್ಷನ್ 25.7 ಹೊರತುಪಡಿಸಿ, ಈ ಒಪ್ಪಂದದಡಿ ಬೇರೆ ಯಾವ ಬೇಡಿಕೆಯೂ ಉಳಿಯುವುದಿಲ್ಲ. ವಾರಂಟಿ, ಗುಪ್ತ ದೋಷ, ಗೌಪ್ಯತೆ, ತೆರಿಗೆ ಹೊಣೆ ಮುಂದುವರಿಯುತ್ತವೆ ಎಂದೂ ಸೇರಿಸುತ್ತೇನೆ, ಇಲ್ಲದಿದ್ದರೆ ನಾವೇ ನಮ್ಮ ಹಕ್ಕು ಬಿಟ್ಟುಕೊಟ್ಟಂತೆ. ಸಹಿ ಹಾಕಿದವರಿಗೆ ಅಧಿಕಾರ ಪತ್ರ ಇದೆಯೇ, ಸಹಿಯ ಪಕ್ಕದಲ್ಲಿ ಪೆನ್ನಿನಿಂದ 'ಆಕ್ಷೇಪಣೆಗೆ ಒಳಪಟ್ಟು' ಎಂದೇನಾದರೂ ಗೀಚಿದ್ದಾರೆಯೇ ಎಂದು ನೋಡಿ.

ಕೊನೆಯ ಪಾವತಿಯ ಹೊತ್ತಿಗೆ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂಬ ಇಮೇಲ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಹಳೆಯ ಕಡತದಲ್ಲಿರುವ ನಂಬರಿಗೆ ಮಾಡಿ, ಲೆಟರ್‌ಹೆಡ್ ಪತ್ರ ತರಿಸಿಕೊಂಡು ಆಮೇಲೆ ಬದಲಿಸಿ. ಮೊತ್ತ ದೊಡ್ಡದು, ಎಲ್ಲರಿಗೂ ಮುಗಿಸುವ ಅವಸರ. ವಂಚಕರು ಕಾಯುವುದು ಇಂಥ ಸಮಯವನ್ನೇ.

ಹಣ ಹೋದ ಮೇಲೆ ಸಿಸ್ಟಮಿನಲ್ಲಿ ಪರ್ಚೇಸ್ ಆರ್ಡರಿನ ಕೇಬಲ್ ಸಾಲಿನಲ್ಲಿ 140 ಮೀಟರ್ ಇನ್ನೂ ಬಾಕಿ ಎಂದು ತೋರಿಸುತ್ತಿರುತ್ತದೆ. ಆ ಸಾಲನ್ನು ಮುಚ್ಚದಿದ್ದರೆ ಅದರ ಮೇಲೆ ಮತ್ತೊಂದು ಬಿಲ್ ಪಾಸಾಗಬಹುದು. ಅದನ್ನು ಮುಚ್ಚಿ, ಪರ್ಫಾರ್ಮೆನ್ಸ್ ಗ್ಯಾರಂಟಿಯ ಮೂಲ ಪ್ರತಿಯನ್ನು ಒಪ್ಪಂದದಲ್ಲಿ ಹೇಳಿದ ಹಂತ ಮುಗಿದಿದ್ದರೆ ಮಾತ್ರ ಸಹಿ ಪಡೆದು ಹಿಂದಿರುಗಿಸಿ, ವೆಂಡರ್ ಸಿಬ್ಬಂದಿಯ ಗೇಟ್ ಪಾಸ್, ಲಾಗಿನ್‌ಗಳನ್ನು ರದ್ದು ಮಾಡಿಸುತ್ತೇನೆ. 25.7 ಬಿಡುಗಡೆಯ ದಿನಾಂಕವನ್ನು ನನ್ನ ಕ್ಯಾಲೆಂಡರಿನಲ್ಲಲ್ಲ, ಆ ಹುದ್ದೆಯ ಹೆಸರಿನ ಕ್ಯಾಲೆಂಡರಿನಲ್ಲಿ ಹಾಕುತ್ತೇನೆ. ಆ ಹೊತ್ತಿಗೆ ಕುರ್ಚಿಯಲ್ಲಿ ಬೇರೆಯವರು ಕೂತಿರಬಹುದು.