ಫೋಟೊ ನೋಡಿ ಪ್ರಾಂಪ್ಟ್ ಬರೆಯುವುದು ಹೇಗೆ?

ಫೋಟೊವೊಂದನ್ನು ಎಐ ತಂತ್ರಾಂಶಕ್ಕೆ ಅಪ್‌ಲೋಡ್ ಮಾಡಿ ವಿವರಣೆ ಕೇಳಿದರೆ, ಸಾಮಾನ್ಯವಾಗಿ ವಸ್ತುಗಳ ಪಟ್ಟಿಯೂ ‘ಪ್ರಶಾಂತ’, ‘ಮನಮೋಹಕ’ ಎಂಬಂಥ ವಿಶೇಷಣಗಳೂ ಸಿಗುತ್ತವೆ. ಅದನ್ನೇ ಪ್ರಾಂಪ್ಟ್ ಆಗಿ ಕೊಟ್ಟು ಚಿತ್ರ ಮಾಡಿಸಿದರೆ ವಸ್ತುಗಳು ಬರುತ್ತವೆ, ಭಾವ ಬರುವುದಿಲ್ಲ. ಭಾವವನ್ನು ಹೊತ್ತಿರುವುದು ಬಹುಪಾಲು ಬೆಳಕು. ಆದ್ದರಿಂದ ಮೊದಲು ಅದನ್ನೇ ನೋಡಬೇಕು.

ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯೊಂದರ ಜಗುಲಿಯಲ್ಲಿ ಕುಳಿತು, ಆಷಾಢದ ಮಳೆಯಲ್ಲಿ ತೆಗೆದ ಫೋಟೊವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಟ್ಟ ಮೋಡದಿಂದ ಸೋಸಿ ಬಂದ ಬೆಳಕು ಎಲ್ಲೆಡೆ ಸಮನಾಗಿ ಹರಡಿರುವುದರಿಂದ ಅಂಗಳದಲ್ಲಿ ಯಾವುದರ ನೆರಳೂ ಸ್ಪಷ್ಟವಾಗಿ ಬಿದ್ದಿಲ್ಲ. ಜಗುಲಿಯ ಒಳಭಾಗ ಮಾತ್ರ ಕತ್ತಲೆ. ‘ಮಳೆಗಾಲದ ವಿಷಾದ’ ಎಂದು ಬರೆಯುವುದಕ್ಕಿಂತ ಈ ಎರಡು ಸಂಗತಿಗಳನ್ನು ಬರೆಯುವುದು ಹೆಚ್ಚು ಫಲ ಕೊಡುತ್ತದೆ.

ಸಂಯೋಜನೆಗಾಗಿ ಮೊಬೈಲಿನ ಎಡಿಟ್ ಪರದೆಯಲ್ಲಿ ಕಾಣುವ ಒಂಬತ್ತು ಚೌಕಗಳ ಜಾಲರಿಯನ್ನು ಬಳಸಿ, ಯಾವುದು ಎಲ್ಲಿದೆ, ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಗುರುತಿಸಿಕೊಳ್ಳಿ. ಕ್ಯಾಮೆರಾದ ಎತ್ತರವನ್ನು ಬಹಳಷ್ಟು ಜನ ಮರೆಯುತ್ತಾರೆ. ಕುಳಿತವರ ಕಣ್ಣಿನ ಮಟ್ಟವೆಂದು ಹೇಳದಿದ್ದರೆ ಮೇಲಿನಿಂದ ನೋಡಿದಂಥ ಅಂಗಳ ಬರಬಹುದು.

ಬಣ್ಣಕ್ಕೆ ಫೋಟೊವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಉಳಿಯುವ ಮೂರ್ನಾಲ್ಕು ಬಣ್ಣಗಳೇ ಅದರ ವರ್ಣಸಂಚಯ. ಬಣ್ಣದ ಸಂಕೇತ ಸಂಖ್ಯೆಗಳನ್ನು ಹಲವು ತಂತ್ರಾಂಶಗಳು ನಿಖರವಾಗಿ ಪಾಲಿಸುವುದಿಲ್ಲವಾದ್ದರಿಂದ, ಬಣ್ಣವನ್ನು ವಸ್ತುವಿಗೆ ಜೋಡಿಸಿ, ಪ್ರಮಾಣದೊಂದಿಗೆ ಹೇಳುವುದು ಲೇಸು. ನಮ್ಮ ಫೋಟೊದ ಪ್ರಾಂಪ್ಟ್ ಹೀಗಾಗುತ್ತದೆ:

“ಮಳೆಯ ಮಧ್ಯಾಹ್ನ, ಮೋಡ ಕವಿದ ನೆರಳಿಲ್ಲದ ಬೆಳಕು. ಕತ್ತಲಾದ ಜಗುಲಿಯಿಂದ ಹೊರನೋಟ, ಕುಳಿತವರ ಕಣ್ಣಿನ ಎತ್ತರ, ಅಡ್ಡ ಚಿತ್ರ. ಎಡ ಮೂರನೇ ಒಂದು ಭಾಗದಲ್ಲಿ ಕಪ್ಪುಗಂದು ಮರದ ಕಂಬ, ಮೇಲಂಚಿನಲ್ಲಿ ನೀರು ಸುರಿಯುವ ಹೆಂಚಿನ ಸೂರು. ಕೆಳಭಾಗದಲ್ಲಿ ಒದ್ದೆ ಕೆಂಪುಮಣ್ಣಿನ ಅಂಗಳ. ಹಿಂದೆ ಸಪೂರ, ನೇರ, ಉಂಗುರಗೆರೆಗಳ ಕಾಂಡದ ಅಡಕೆ ಮರಗಳು ಮಂಜಿನಲ್ಲಿ ಮಸುಕಾಗಿವೆ. ಚಿತ್ರದ ಅರ್ಧದಷ್ಟು ಬೂದುಹಸಿರು, ಉಳಿದದ್ದು ಕಪ್ಪುಗಂದು ಮತ್ತು ಮಂಕಾದ ಕೆಂಪು. ಕಂಬದ ಬುಡದ ಹಿತ್ತಾಳೆ ಚೊಂಬು ಮಾತ್ರ ಹಳದಿ.”

ಅಡಕೆ ಮರದ ಕಾಂಡವನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ: ಹೆಸರೊಂದನ್ನೇ ಕೊಟ್ಟರೆ ತೆಂಗಿನಂಥ ಮರಗಳು ಬರುವ ಸಂಭವ ಹೆಚ್ಚು. ‘ಜನರು ಬೇಡ’ ಎಂದು ಪ್ರಾಂಪ್ಟಿನೊಳಗೆ ಬರೆದರೂ ಕೆಲವೊಮ್ಮೆ ಜನರೇ ಬಂದುಬಿಡುತ್ತಾರೆ. ಬೇಡದ್ದನ್ನು ಬರೆಯಲು ಬೇರೆ ಜಾಗವಿದ್ದರೆ ಅಲ್ಲಿ ಬರೆಯಿರಿ, ಇಲ್ಲದಿದ್ದರೆ ‘ಖಾಲಿ ಅಂಗಳ’ ಎನ್ನಿ.

ಬಂದ ಚಿತ್ರವನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟು ಎರಡನ್ನೂ ಕಪ್ಪು-ಬಿಳುಪು ಮಾಡಿ. ಆಗಲೂ ಹೊಂದದಿದ್ದರೆ ತಪ್ಪು ಬೆಳಕಿನಲ್ಲಿ ಅಥವಾ ಸಂಯೋಜನೆಯಲ್ಲಿದೆ. ಹೊಂದಿದರೆ ತಿದ್ದಬೇಕಾದದ್ದು ಬಣ್ಣದ ಸಾಲನ್ನು ಮಾತ್ರ. ಕಂಬದ ನೆರಳು ಅಂಗಳದ ಮೇಲೆ ಚೂಪಾಗಿ ಬಿದ್ದಿದ್ದರೆ ತಂತ್ರಾಂಶ ಬಿಸಿಲು ತಂದಿದೆ ಎಂದರ್ಥ. ತಿದ್ದುವಾಗ ಒಂದು ಸಲಕ್ಕೆ ಒಂದೇ ವಾಕ್ಯವನ್ನು ಬದಲಿಸಿ, ಸೌಲಭ್ಯವಿದ್ದರೆ ಸೀಡ್ ಸಂಖ್ಯೆಯನ್ನು, ಅಂದರೆ ಚಿತ್ರದ ಯಾದೃಚ್ಛಿಕ ಆರಂಭವನ್ನು ನಿರ್ಧರಿಸುವ ಸಂಖ್ಯೆಯನ್ನು, ಹಾಗೆಯೇ ಉಳಿಸಿಕೊಳ್ಳಿ. ಹೀಗೆ ಮಾಡದಿದ್ದರೆ ಚಿತ್ರ ಬದಲಾದದ್ದು ನಿಮ್ಮ ಮಾತಿನಿಂದಲೋ ಆಕಸ್ಮಿಕವಾಗಿಯೋ ಎಂಬುದು ತಿಳಿಯುವುದಿಲ್ಲ.