ಅರವತ್ತು ಪರ್ಸೆಂಟ್ ಬ್ಲಾಕ್: ಅಳೆದ ಮೇಲೆಯೇ ಸ್ಟೆಂಟಿನ ಮಾತು

ಆಂಜಿಯೋಗ್ರಾಮ್‌ನಲ್ಲಿ ಮಧ್ಯಮ ಪ್ರಮಾಣದ ಬ್ಲಾಕ್ ಕಂಡರೆ ಒತ್ತಡ ಅಳೆಯುವ ತೆಳು ತಂತಿಯಾದ ಪ್ರೆಶರ್ ವೈರ್ ಹಾಕಿ, ಬ್ಲಾಕ್ ದಾಟಿದ ಮೇಲಿನ ಒತ್ತಡ ಅದಕ್ಕೆ ಮುಂಚಿನ ಒತ್ತಡದ ಎಷ್ಟು ಭಾಗ ಎಂದು ಹೇಳುವ ಎಫ್‌ಎಫ್‌ಆರ್ ಅಳೆಯದೆ ಸ್ಟೆಂಟ್ ಇಡುವುದಿಲ್ಲ ಎಂದು ನಾನು ಪಟ್ಟು ಹಿಡಿದಾಗ, ಸಹೋದ್ಯೋಗಿಗಳು ಅದನ್ನು ಷೋಕಿ ಎಂದೇ ಭಾವಿಸಿದ್ದರು. ಅವರ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. 2017ರಲ್ಲಿ ಸರ್ಕಾರ ಬೆಲೆ ಮಿತಿ ಹೇರಿದ ಮೇಲೆ ಔಷಧಲೇಪಿತ ಸ್ಟೆಂಟ್ ಸುಮಾರು ಮೂವತ್ತು ಸಾವಿರಕ್ಕೆ ಇಳಿದಿತ್ತು. ನಮಗೆ ವೈರ್‌ಗೂ ಹೆಚ್ಚುಕಡಿಮೆ ಅಷ್ಟೇ ತಗಲುತ್ತಿತ್ತು. ಆದರೆ ಅನಗತ್ಯ ಸ್ಟೆಂಟಿನ ಖರ್ಚು ಅದರ ಬೆಲೆಗೇ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಎರಡು ಬಗೆಯ ರಕ್ತ ತೆಳುಮಾಡುವ ಮಾತ್ರೆ, ರಕ್ತಸ್ರಾವದ ಭಯ ಎಲ್ಲವೂ ಜೊತೆಗೆ ಬರುತ್ತವೆ.

ಮೊದಮೊದಲು ಅಂಕಿಗಳೇ ನಂಬಿಕೆಗೆ ಬರುತ್ತಿರಲಿಲ್ಲ. ನೋಡಿದರೆ ಬಿಗಿಯಾದ ಬ್ಲಾಕ್, ಎಫ್‌ಎಫ್‌ಆರ್ ಮಾತ್ರ 0.88, ಸ್ಟೆಂಟ್ ಬಗ್ಗೆ ಯೋಚಿಸುವ 0.80ರ ಗಡಿಗಿಂತ ಮೇಲೆ. ವಿಚಾರಿಸಿದಾಗ ರೋಗಿ ಬೆಳಿಗ್ಗೆ ಕಾಫಿ ಕುಡಿದು ಬಂದಿರುತ್ತಿದ್ದರು. ಅಳೆಯುವಾಗ ಹೃದಯದ ರಕ್ತನಾಳಗಳನ್ನು ಹಿಗ್ಗಿಸಲು ಕೊಡುವ ಅಡೆನೊಸಿನ್‌ನ ಕೆಲಸಕ್ಕೇ ಕೆಫೀನ್ ಅಡ್ಡಬರುತ್ತದೆ, ಅಂಕಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ಇನ್ನು ಅಳೆದಾದ ಮೇಲೆ ವೈರನ್ನು ರಕ್ತನಾಳದ ಬಾಯಿಯವರೆಗೆ ಹಿಂದಕ್ಕೆ ಎಳೆದಾಗ ಎರಡು ಒತ್ತಡಗಳೂ ಸಮವಾಗಿ ಅನುಪಾತ 1.00ಕ್ಕೆ ಬರಬೇಕು; 0.03ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ನಾನು ಮತ್ತೆ ಅಳೆಯುತ್ತೇನೆ. ಅಡೆನೊಸಿನ್ ಬೇಡದ ವಿಶ್ರಾಂತ ಸ್ಥಿತಿಯ ಸೂಚ್ಯಂಕವನ್ನೂ ಕೆಲಕಾಲ ಪಕ್ಕಪಕ್ಕದಲ್ಲಿ ನೋಡಿದೆ, ಅದರ 0.89ರ ಗಡಿಯ ಆಸುಪಾಸಿನಲ್ಲಿ ಅದೂ ಎಫ್‌ಎಫ್‌ಆರೂ ಆಗಾಗ ಜಗಳವಾಡುತ್ತವೆ.

ಐವತ್ತೆಂಟರ ಆಸುಪಾಸಿನ ಶಿಕ್ಷಕರೊಬ್ಬರು, ಸಕ್ಕರೆ ಕಾಯಿಲೆಯವರು, ಮೆಟ್ಟಿಲು ಹತ್ತಿದರೆ ಎದೆ ಬಿಗಿತ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ನಾಳದ ನಡುಭಾಗದಲ್ಲಿ ಶೇ. 60, ಬಲ ಕರೊನರಿಯಲ್ಲಿ ಶೇ. 50, ಎಡಗಡೆಯ ಮೂಲ ನಾಳವಾದ ಲೆಫ್ಟ್ ಮೇನ್ ಶುಭ್ರ. ಅಳತೆ ಕ್ರಮವಾಗಿ 0.86 ಮತ್ತು 0.92 ಬಂತು. ಅವರ ಮಗನನ್ನು ಪರದೆಯ ಮುಂದೆ ಕೂರಿಸಿ, "ಬ್ಲಾಕ್‌ಗೆ ಮೊದಲು ಒತ್ತಡ ನೂರು ಇದ್ದರೆ ದಾಟಿದ ಮೇಲೂ ಎಂಬತ್ತಾರು ಉಳಿದಿದೆ. ಎಂಬತ್ತು ಅಥವಾ ಅದಕ್ಕಿಂತ ಕಡಿಮೆ ಆಗಿದ್ದರೆ ಸ್ಟೆಂಟ್ ಬಗ್ಗೆ ಯೋಚಿಸುತ್ತಿದ್ದೆವು" ಎಂದೆ.

"ಬ್ಲಾಕ್ ಇದ್ದೂ ಹಾಗೇ ಕಳಿಸ್ತೀರಾ ಡಾಕ್ಟ್ರೇ?"

"ಹಾಗೇ ಅಲ್ಲ, ಮಾತ್ರೆ ಕೊಟ್ಟು. ಒತ್ತಡವನ್ನು ಅಷ್ಟಾಗಿ ಇಳಿಸದ ಬ್ಲಾಕ್‌ಗೆ ಸ್ಟೆಂಟ್ ಇಟ್ಟರೆ ಹೃದಯಾಘಾತ ತಪ್ಪುತ್ತದೆ ಎಂದು ಹೇಳಲಾಗದು. ಆ ಕೆಲಸ ಆಸ್ಪಿರಿನ್, ಸ್ಟ್ಯಾಟಿನ್‌ಗಳದು."

ಶಿಕ್ಷಕರಿಗೆ ಬೀಟಾ ಬ್ಲಾಕರ್ ಕೂಡ ಸೇರಿಸಿದೆವು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ನೂರಮೂವತ್ತರಿಂದ ಅರವತ್ತರೊಳಗೆ ಇಳಿಯಿತು, ಮೆಟ್ಟಿಲ ಬಿಗಿತವೂ ಹೋಯಿತು; ಷೋಕಿ ಎಂದವರೇ ಈಗ ಅಂಥ ಫಿಲ್ಮುಗಳನ್ನು ನನಗೆ ಕಳಿಸುತ್ತಾರೆ.

ಆದರೆ ಇದೇ ಸಕ್ಕರೆ ಕಾಯಿಲೆಯವರಲ್ಲಿ ಮೂರೂ ರಕ್ತನಾಳಗಳು ತೀವ್ರವಾಗಿ ಕಟ್ಟಿದ್ದರೆ ಮಾತ್ರೆಯನ್ನಷ್ಟೇ ನೆಚ್ಚಿ ಕಳಿಸುತ್ತಿರಲಿಲ್ಲ, ಮೂರು ಸ್ಟೆಂಟೂ ಇಡುತ್ತಿರಲಿಲ್ಲ. 2012ರ ಫ್ರೀಡಮ್ ಅಧ್ಯಯನದಲ್ಲಿ ಅಂಥವರಿಗೆ ಸ್ಟೆಂಟ್‌ಗೆ ಹೋಲಿಸಿದರೆ ಬೈಪಾಸ್ ಸಾವನ್ನೂ ಹೃದಯಾಘಾತವನ್ನೂ ಕಡಿಮೆ ಮಾಡಿತ್ತು, ಪಾರ್ಶ್ವವಾಯು ಮಾತ್ರ ಹೆಚ್ಚಿತ್ತು. ಆದ್ದರಿಂದ ಸರ್ಜನ್ ಕೂಡ ಅದೇ ಪರದೆಯ ಮುಂದೆ ಕೂರಬೇಕು. ಲೆಫ್ಟ್ ಮೇನ್‌ನಲ್ಲಿ ಶೇ. 50 ಕಂಡರೂ ಅವರನ್ನು ಕರೆಯುತ್ತೇನೆ. ಹೃದಯಾಘಾತ ಆಗುತ್ತಿರುವಾಗಲೇ ಬಂದವರಲ್ಲಿ, ಆಘಾತಕ್ಕೆ ಕಾರಣವಾದ ನಾಳಕ್ಕೆ ಈ ವೈರ್ ಹಾಕಿ ಕಾಲ ಕಳೆಯುವುದಿಲ್ಲ. ಅಲ್ಲಿ ಆ ಅಂಕಿಯನ್ನು ನಂಬುವಂತಿಲ್ಲ.